ನಾರಣಪ್ಪನ ಸಂಸ್ಕಾರ ಆಯಿತೋ ಇಲ್ಲವೋ: ಕಲಬುರಗಿಯ ಒಂದು ಓದಿನ ಪ್ರಕರಣ

‘ಸಂಸ್ಕಾರ’ ಕಾದಂಬರಿ ಓದಿದವರಿಗೆಲ್ಲ ಕಥೆ ಗೊತ್ತು. ದೂರ್ವಾಸಪುರದ ಮಾಧ್ವ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಬದುಕಿದ್ದಾಗ ಅವನು ಕಟ್ಟಿಕೊಂಡ ಹೆಂಡತಿಯನ್ನು ಬಿಟ್ಟ, ಕುಂದಾಪುರದ ಚಂದ್ರಿಯನ್ನು ಮನೆಗೆ ತಂದ. ಮಾಂಸ ತಿಂದ, ಕುಡಿದ, ಸಾಲಿಗ್ರಾಮ ಎತ್ತಿ ಹೊಳೆಗೆ ಎಸೆದ. ಬಹಿಷ್ಕಾರ ಹಾಕಿದರೆ ಮುಸಲ್ಮಾನ ಆಗಿಬಿಡ್ತೀನಿ ಅಂತ ಹೆದರಿಸಿದ. ಅದಕ್ಕೇ ಯಾರೂ ಬಹಿಷ್ಕಾರ ಹಾಕಲಿಲ್ಲ. ಈಗ ಹೆಣ ಬಿದ್ದಿದೆ. ಅದನ್ನು ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಕ್ರಿಯೆ ಯಾರು ಮಾಡಬೇಕು? ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಗ್ರಂಥ ತೆಗೆದು ಕೂತರು. ಉತ್ತರ ಸಿಗಲಿಲ್ಲ.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಬಂದ ದಿನದಿಂದ ಇದರ ಮೇಲೆ ಜಗಳ ನಡೆದೇ ಇದೆ. 1970ರ ಸಿನಿಮಾವನ್ನು ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿಯಿತು. ಆಮೇಲೆ ಅದೇ ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಮಹಡಿ ಮೇಲಿನ ಒಂದು ಕೋಣೆಯಲ್ಲಿ ನಾವು ಕೆಲವರು ಭಾನುವಾರ ಸೇರಿ ಓದುತ್ತೇವೆ. ಚಹಾ, ಮಿರ್ಚಿ ಭಜಿ ಇದ್ದೇ ಇರುತ್ತವೆ. ಅಲ್ಲಿ ಈ ಕಾದಂಬರಿ ಕೈಗೆತ್ತಿಕೊಂಡಾಗ ಒಂದೇ ಒಂದು ಪ್ರಶ್ನೆ ಎಲ್ಲರನ್ನೂ ಹಿಡಿದು ನಿಲ್ಲಿಸಿತು. ಕಾದಂಬರಿ ಮುಗಿಯುವ ಹೊತ್ತಿಗೆ ನಾರಣಪ್ಪನ ಸಂಸ್ಕಾರ ಆಗಿದೆಯೋ ಇಲ್ಲವೋ? ಆ ಚರ್ಚೆ ಹೇಗೆ ಸಾಗಿತು, ಎಲ್ಲಿ ದಾರಿ ತಪ್ಪಿತು, ಪುಟದ ಮೇಲೆ ಏನು ಸಿಕ್ಕಿತು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾರು ಯಾರು ಇದ್ದರು ಅಂತ ಹೇಳಬೇಕು, ಯಾಕಂದರೆ ಈ ಪುಸ್ತಕದಲ್ಲಿ ಅದು ಮುಖ್ಯವಾಗುತ್ತದೆ. ಒಬ್ಬರು ನಿವೃತ್ತ ಸಂಸ್ಕೃತ ಮೇಷ್ಟ್ರು, ಮಾಧ್ವರು. ಕಾಗಿಣಾ ದಂಡೆಯ ಮಳಖೇಡಕ್ಕೆ ಆರಾಧನೆಗೆ ತಪ್ಪದೆ ಹೋಗುವವರು. ಇನ್ನೊಬ್ಬರು ಹೈಸ್ಕೂಲಿನ ಟೀಚರು, ಲಿಂಗಾಯತರ ಮನೆತನ. ಅವರನ್ನು ಎಲ್ಲರೂ ಅಕ್ಕೋರು ಅನ್ನುತ್ತಾರೆ. ಮೂರನೆಯವರು ಬುಕ್ ಬೈಂಡಿಂಗ್ ಅಂಗಡಿ ನಡೆಸುವ ಹಿರಿಯರು, ನಮಗೆಲ್ಲ ಚಾಚಾ. ಅವರು ಕನ್ನಡ ಓದುವಷ್ಟು ನಿಧಾನವಾಗಿ, ಅಕ್ಷರ ಬಿಡದೆ, ನಮ್ಮಲ್ಲಿ ಬೇರೆ ಯಾರೂ ಓದುವುದಿಲ್ಲ. ಜೊತೆಗೆ ಕಾಲೇಜಿನ ಇಬ್ಬರು ಹುಡುಗರು, ಮತ್ತೆ ನಾನು.

ಮೊದಲನೇ ಭಾನುವಾರ ಚರ್ಚೆ ಕೆಟ್ಟಿತು. ಮೇಷ್ಟ್ರು ಪುಸ್ತಕ ತೆರೆಯುವ ಮೊದಲೇ ಶುರು ಮಾಡಿದರು: “ಅವರು ಸಮಾಜವಾದಿ. ಬ್ರಾಹ್ಮಣರನ್ನ ಬಯ್ಯಬೇಕು ಅಂತಲೇ ಬರದಾರ. ಇದರಾಗ ಚರ್ಚಾ ಏನದ?” ಹುಡುಗರಲ್ಲಿ ಒಬ್ಬ ತಿರುಗಿಬಿದ್ದ. “ಹೌದ್ರೀ ಸರ್, ಬಯ್ದಾರ, ಬಯ್ಯಬೇಕಾಗಿತ್ತು.” ಇಬ್ಬರದ್ದೂ ವಿರುದ್ಧ ಮಾತು ಅನಿಸುತ್ತದೆ, ಆದರೆ ಇಬ್ಬರೂ ಮಾಡಿದ ಕೆಲಸ ಒಂದೇ. ಲೇಖಕರು ಯಾವ ಪಕ್ಷ ಅಂತ ಮೊದಲೇ ತೀರ್ಮಾನ ಮಾಡಿ, ಕಾದಂಬರಿಯನ್ನು ಅದಕ್ಕೆ ಸಾಕ್ಷಿಯಾಗಿ ಕರೆದರು. ಲೇಖಕರನ್ನು ಒಪ್ಪಿ ಓದುವುದು ಹೇಗೆ ವಕಾಲತ್ತೋ, ಅವರ ಜೀವನ ಚರಿತ್ರೆ ಹಿಡಿದು ಬಯ್ಯುವುದೂ ಹಾಗೇ ವಕಾಲತ್ತು. ಅನಂತಮೂರ್ತಿ ಆಮೇಲೆ ಭಾಷಣದಲ್ಲಿ, ಪ್ರಬಂಧಗಳಲ್ಲಿ ಬಹಳ ಹೇಳಿದ್ದಾರೆ. ಅವೆಲ್ಲ ಅವರ ವಿಚಾರ ತಿಳಿಯಲು ಬೇಕು. ಆದರೆ ದೂರ್ವಾಸಪುರದಲ್ಲಿ ಆ ರಾತ್ರಿ ಏನಾಯಿತು ಅನ್ನುವುದಕ್ಕೆ ಪುಟ ಬಿಟ್ಟು ಬೇರೆ ಸಾಕ್ಷಿ ಇಲ್ಲ.

ಚರ್ಚೆ ಹಳಿ ತಪ್ಪಿದೆ ಅಂತ ತಿಳಿಯಲು ಒಂದು ಗುರುತಿದೆ. ಆಚಾರ್ಯರ ತಲೆಯಲ್ಲಿ ಓಡಿದ ಮಾತನ್ನು ಯಾರಾದರೂ ‘ಅನಂತಮೂರ್ತಿ ಹೇಳ್ತಾರೆ’ ಅಂತ ಶುರು ಮಾಡಿದರೆ ಅಲ್ಲೇ ನಿಲ್ಲಿಸಬೇಕು. ಈ ಕಾದಂಬರಿಯಲ್ಲಿ ಅದು ಸುಲಭವಾಗಿ ಆಗುತ್ತದೆ. ನಿರೂಪಕ ಹೊರಗೆ ನಿಂತು ಹೇಳುತ್ತಾ ಹೇಳುತ್ತಾ ಗೊತ್ತಾಗದಂತೆ ಆಚಾರ್ಯರ ಮನಸ್ಸಿನೊಳಗೆ ಇಳಿದುಬಿಡುತ್ತಾನೆ. ಎಲ್ಲಿ ವರದಿ ಮುಗಿಯಿತು, ಎಲ್ಲಿ ಆಚಾರ್ಯರ ತಳಮಳ ಶುರುವಾಯಿತು ಅಂತ ಸಾಲು ಸಾಲಾಗಿ ನೋಡಬೇಕಾಗುತ್ತದೆ. ಮುಂದಿನ ಸಲದಿಂದ ನಾವು ಹಾಗೇ ಮಾಡಿದೆವು. ಯಾವ ಮಾತು ಬಂದರೂ ‘ಇದು ಯಾರ ಕಣ್ಣಿಗೆ ಕಂಡದ್ದು?’ ಅಂತ ಕೇಳಿದೆವು.

ಹಾಗೆ ಕೇಳಿದಾಗ ನಾರಣಪ್ಪನ ಹೆಣದ ಕಥೆ ಬೇರೆಯದೇ ಆಗಿ ಕಾಣಿಸಿತು.

ದೇವರನ್ನೇ ಕೇಳೋಣ ಅಂತ ಮಾರುತಿ ಗುಡಿಗೆ ಹೋಗಿ ಬರಿಗೈಲಿ ಬಂದ ಆಚಾರ್ಯರು ಕತ್ತಲಲ್ಲಿ, ಕಾಡಿನಲ್ಲಿ ಚಂದ್ರಿಯನ್ನು ಕೂಡುತ್ತಾರೆ. ಅದೇ ರಾತ್ರಿ ಚಂದ್ರಿ ಒಬ್ಬಳೇ ನಾರಣಪ್ಪನ ಮನೆಗೆ ಹೋಗುತ್ತಾಳೆ. ಹೆಣ ಉಬ್ಬಿದೆ, ನಾರುತ್ತಿದೆ. ಅವಳು ಗಾಡಿಯವನಾದ ಶೇಷಪ್ಪನ ಬಾಗಿಲಿಗೆ ಹೋಗಿ ಬೇಡುತ್ತಾಳೆ. ಅವನು ಒಲ್ಲೆ ಅನ್ನುತ್ತಾನೆ. ಬ್ರಾಹ್ಮಣನ ಹೆಣ ಮುಟ್ಟಿದರೆ ಪಾಪ ಅಂತ ಅವನ ಹೆದರಿಕೆ. ಕೊನೆಗೆ ಮೀನಿನ ವ್ಯಾಪಾರದ ಅಹಮದ್ ಬ್ಯಾರಿ ಗಾಡಿ ತರುತ್ತಾನೆ. ಹೆಣ ಸಾಗಿಸಿ, ಕಟ್ಟಿಗೆ ಒಟ್ಟಿ, ಸುಟ್ಟು ಮುಗಿಸುತ್ತಾರೆ. ಚಂದ್ರಿ ಅಳುತ್ತಾಳೆ. ಅಲ್ಲಿಂದ ಕುಂದಾಪುರದ ಹಾದಿ ಹಿಡಿಯುತ್ತಾಳೆ.

ಈ ಸಂಗತಿ ಯಾರಿಗೆ ಗೊತ್ತು? ಚಂದ್ರಿಗೆ, ಬ್ಯಾರಿಗೆ, ಓದುವ ನಮಗೆ. ಆಚಾರ್ಯರಿಗೆ ಗೊತ್ತಿಲ್ಲ. ಅಗ್ರಹಾರದ ಹಿರಿಯರಿಗೆ ಗೊತ್ತಿಲ್ಲ. ಅವರು ಹೆಣ ಅಲ್ಲೇ ಕೊಳೆಯುತ್ತಿದೆ ಅಂದುಕೊಂಡೇ ಊರೂರು ಅಲೆಯುತ್ತಾರೆ. ನಾರಣಪ್ಪನ ಗೆಳೆಯರಾದ ಹುಡುಗರು ಮಾತ್ರ, ಕದ್ದು ದಹನ ಮಾಡಿಬಿಡೋಣ ಅಂತ ರಾತ್ರಿ ಬಂದವರು, ಹೆಣ ಇಲ್ಲದ್ದನ್ನು ನೋಡುತ್ತಾರೆ. ನೋಡಿ ಏನು ಮಾಡಿದರು? ನಾರಣಪ್ಪ ಪ್ರೇತವಾಗಿ ಎದ್ದು ಹೋದ ಅಂತ ಬೆದರಿ ಓಡಿದರು. ನಾರಣಪ್ಪನ ಜೊತೆ ಕೂತು ಕುಡಿದವರು, ಆಚಾರ ನೋಡಿ ನಕ್ಕವರು ಇವರೇ. ನಮ್ಮ ಕಾಲೇಜು ಹುಡುಗನಿಗೆ ಈ ಭಾಗ ಸ್ವಲ್ಪ ಕಿರಿಕಿರಿ ಮಾಡಿತು. ಸಂದೇಹಪಡುವವರು ಅಂತ ಅವನು ಎಣಿಸಿಕೊಂಡವರೇ ಎಲ್ಲರಿಗಿಂತ ಜೋರಾಗಿ ಓಡಿದ್ದರು.

ಇಲ್ಲಿಗೆ ಹುಡುಗನ ವಾದ ಸರಳವಾಗಿತ್ತು. ಗ್ರಂಥಕ್ಕೆ ಆಗದ್ದು, ದೇವರಿಗೆ ಆಗದ್ದು, ಒಬ್ಬ ಹೆಂಗಸು ಮತ್ತು ಒಬ್ಬ ಬ್ಯಾರಿಯಿಂದ ಒಂದೇ ರಾತ್ರಿಯಲ್ಲಿ ಆಯಿತು. ಸಮಸ್ಯೆ ಮುಗಿಯಿತು. ಆಮೇಲಿನದೆಲ್ಲ ಬ್ರಾಹ್ಮಣರ ಸುಮ್ನೆ ಓಡಾಟ.

ಮೇಷ್ಟ್ರು ಆಗ ನಿಜವಾಗಿ ಚರ್ಚೆಗೆ ಇಳಿದರು. “ಹೆಣ ಹೋತು, ಒಪ್ಪೀನಿ. ಕ್ರಿಯೆ ಎಲ್ಲಿ ಆಯ್ತು?” ಅಂದರು. ಅವರ ಲೆಕ್ಕ ಹೀಗಿತ್ತು. ಬೆಂಕಿ ಹಚ್ಚುವುದು ಒಂದು ಕೆಲಸ. ಕ್ರಿಯೆಗೆ ಕರ್ತೃ ಬೇಕು, ಮಂತ್ರ ಬೇಕು. ಆಮೇಲೆ ಹತ್ತು ದಿನದ ಪಿಂಡ, ಸಪಿಂಡೀಕರಣ. ಅದು ಆಗುವವರೆಗೆ ಸತ್ತವನು ಪ್ರೇತ, ಪಿತೃಗಳ ಸಾಲಿಗೆ ಸೇರಿಲ್ಲ. ಹಾಗಾಗಿ ಆಚಾರವನ್ನು ನಂಬುವ ಓದುಗನಿಗೆ ಬ್ಯಾರಿಯ ಗಾಡಿ ಸಮಸ್ಯೆಯ ಅರ್ಧವನ್ನು ಮಾತ್ರ ಹೊತ್ತುಕೊಂಡು ಹೋಯಿತು. ಇದು ಮೇಷ್ಟ್ರು ಹೊರಗಿನಿಂದ ತಂದ ಮಾತಲ್ಲ. ಕಾದಂಬರಿಯ ಒಳಗಿನ ಜನ ನಂಬುವುದೂ ಇದನ್ನೇ. ಹುಡುಗರು ಬೆದರಿ ಓಡಿದ್ದೂ ಇದೇ ನಂಬಿಕೆಯಿಂದ.

ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅದು ನನಗೆ ಹೊಸದು. ಹೆಣವೇ ಸಿಗದಿದ್ದರೆ ಏನು ಮಾಡಬೇಕು ಅನ್ನುವುದಕ್ಕೂ ಶಾಸ್ತ್ರದಲ್ಲಿ ದಾರಿ ಇದೆಯಂತೆ. ಹೊಳೆಯಲ್ಲಿ ಕೊಚ್ಚಿಹೋದವರಿಗೆ, ದೂರದೇಶದಲ್ಲಿ ಸತ್ತವರಿಗೆ ಮುತ್ತುಗದ ಎಲೆಯ ತೊಟ್ಟುಗಳಿಂದ ಆಕೃತಿ ಮಾಡಿ ಸುಡುತ್ತಾರೆ. ಪಲಾಶ ವಿಧಿ ಅಂತ ಹೆಸರು. ದೇಹದಲ್ಲಿ 360 ಎಲುಬು ಅಂತ ಹಳೆಯ ಲೆಕ್ಕ, ಅದಕ್ಕೆ 360 ತೊಟ್ಟು. ತಲೆಗೆ ಇಷ್ಟು, ಎದೆಗೆ ಇಷ್ಟು, ಕಾಲಿಗೆ ಇಷ್ಟು ಅಂತ ಹಂಚುತ್ತಾರೆ. ಅಂದರೆ ಹೆಣ ಕಾಣೆಯಾಗಿದೆ ಅಂತ ದೂರ್ವಾಸಪುರದವರಿಗೆ ತಿಳಿದಿದ್ದರೂ ಕ್ರಿಯೆಗೆ ದಾರಿ ಮುಚ್ಚುತ್ತಿರಲಿಲ್ಲ.

ಅಷ್ಟೇ ಅಲ್ಲ. ಪತಿತನನ್ನು ಹೊರಗೆ ಹಾಕುವುದಕ್ಕೂ ಒಂದು ವಿಧಿ ಇದೆ. ಬದುಕಿರುವಾಗಲೇ ಅವನು ಸತ್ತ ಅಂತ ಎಣಿಸಿ ನೀರಿನ ಕೊಡವನ್ನು ಒದ್ದು ಉರುಳಿಸುತ್ತಾರೆ. ಘಟಸ್ಫೋಟ ಅನ್ನುತ್ತಾರೆ. ಮನುಸ್ಮೃತಿಯಲ್ಲೂ ಇದು ಬರುತ್ತದೆ. ನಾರಣಪ್ಪನಿಗೆ ಯಾರೂ ಅದನ್ನು ಮಾಡಲಿಲ್ಲ. ಹಾಗಾದರೆ ಅವನು ಬ್ರಾಹ್ಮಣನಾಗಿಯೇ ಸತ್ತ. ಆಚಾರ್ಯರೂ ಕಾದಂಬರಿಯ ಶುರುವಿನಲ್ಲೇ ಈ ಮಾತು ಹೇಳುತ್ತಾರೆ: ಅವನು ಬ್ರಾಹ್ಮಣ್ಯ ಬಿಟ್ಟರೂ ಬ್ರಾಹ್ಮಣ್ಯ ಅವನನ್ನು ಬಿಟ್ಟಿಲ್ಲ. ಹೀಗೆ ಕೂಡಿ ಕಳೆದರೆ ಶಾಸ್ತ್ರದ ಉತ್ತರ ಮೊದಲ ದಿನವೇ ಕೈಯಲ್ಲಿತ್ತು. ಕ್ರಿಯೆ ಮಾಡಬೇಕು, ಅಷ್ಟೆ. ಕೊರತೆ ಇದ್ದದ್ದು ಮಾಡುವ ಮನುಷ್ಯನದ್ದು. ಚಂದ್ರಿ ಕ್ರಿಯೆಗೆ ಅಂತ ಬಂಗಾರ ಬಿಚ್ಚಿ ಮುಂದಿಟ್ಟ ಕೂಡಲೇ ಅಗ್ರಹಾರದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರ ಕಡೆ ಆಸೆ ಚಿಗುರಿದ್ದೂ, ಬೇರೆಯವನಿಗೆ ಸಿಕ್ಕೀತು ಅನ್ನುವ ಹೊಟ್ಟೆಕಿಚ್ಚೂ ಆ ಪುಟಗಳಲ್ಲಿ ಎದ್ದು ಕಾಣುತ್ತವೆ.

ಇದರಿಂದ ಒಂದು ವಿಚಿತ್ರ ಆಯಿತು. ಲೇಖಕರ ಮೇಲೆ ಸಿಟ್ಟಾಗಿ ಬಂದಿದ್ದ ಮೇಷ್ಟ್ರ ವಾದವೇ ಅಗ್ರಹಾರದ ಮೇಲೆ ಎಲ್ಲರಿಗಿಂತ ಕಟುವಾದ ತೀರ್ಪಾಯಿತು. ಶಾಸ್ತ್ರ ಸೋತಿಲ್ಲ, ಇವರು ಸೋತರು ಅನ್ನುತ್ತದೆ ಅದು. ಶಾಸ್ತ್ರವೇ ಸತ್ತಿದೆ ಅನ್ನುವ ಓದು ಅದಕ್ಕಿಂತ ಮೃದು, ಅಗ್ರಹಾರದವರಿಗೆ ಒಂದು ನೆಪ ಕೊಡುತ್ತದೆ. ಎರಡಕ್ಕೂ ಪುಟದಲ್ಲಿ ಜಾಗ ಇದೆ. ನನಗೆ ಮೇಷ್ಟ್ರ ಓದೇ ಗಟ್ಟಿ ಅನಿಸುತ್ತದೆ, ಆಚಾರ್ಯರ ಆ ಮೊದಲ ಮಾತು ಇರುವುದರಿಂದ.

ಅಲ್ಲಿಯವರೆಗೆ ಚಾಚಾ ಮಾತಾಡಿರಲಿಲ್ಲ. ಅವರು ಬ್ಯಾರಿಯ ಪುಟದ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. “ನೋಡ್ರಿ, ಇವ ಹೂಳಲಿಲ್ಲ. ಸುಟ್ಟ,” ಅಂದರು.

ನಾವು ಯಾರೂ ಅದನ್ನು ಗಮನಿಸಿರಲಿಲ್ಲ. ಅವರು ಬಿಡಿಸಿ ಹೇಳಿದರು. ಮುಸಲ್ಮಾನನಿಗೆ ಹೆಣ ಅಂದರೆ ತೊಳೆಯುವುದು, ಕಫನ್ ಹೊದಿಸುವುದು, ನಮಾಜ್, ಮಣ್ಣು. ಸುಡುವುದು ಅವನ ರೀತಿಯಲ್ಲಿ ಇಲ್ಲವೇ ಇಲ್ಲ. ರಾತ್ರಿ ಹೊತ್ತು, ಯಾರೂ ನೋಡುವವರಿಲ್ಲ. ಮಲೆನಾಡಿನ ಮಣ್ಣಲ್ಲಿ ಗುಂಡಿ ತೋಡಿ ಮುಚ್ಚಿದ್ದರೆ ಕಟ್ಟಿಗೆಯ ಕೆಲಸವೂ ತಪ್ಪುತ್ತಿತ್ತು. ಬೆಂಕಿ ದೂರದಿಂದ ಕಾಣುತ್ತದೆ, ಗುಂಡಿ ಕಾಣುವುದಿಲ್ಲ. ಮುಸಲ್ಮಾನ ಆಗ್ತೀನಿ ಅಂತ ಊರನ್ನೆಲ್ಲ ಹೆದರಿಸಿದ ಮನುಷ್ಯನ ಹೆಣ ಕೊನೆಗೆ ಮುಸಲ್ಮಾನನ ಕೈಗೇ ಬಂತು. ಆದರೂ ಆತ ಸತ್ತವನ ಜಾತಿ ಏನು ಮಾಡುತ್ತಿತ್ತೋ ಅದನ್ನೇ ಮಾಡಿದ. “ಇವಗ ಆಚಾರ ಗೊತ್ತಿತ್ತು. ತಂದಲ್ಲ, ಸತ್ತವಂದು,” ಅಂದರು ಚಾಚಾ.

ಇದು ಬಂದ ಮೇಲೆ ‘ಆಚಾರ ಸೋತಿತು, ಮನುಷ್ಯತ್ವ ಗೆದ್ದಿತು’ ಅನ್ನುವ ಓದು ನಿಲ್ಲಲಿಲ್ಲ. ಬ್ಯಾರಿ ಆಚಾರವನ್ನು ದಾಟಿ ಹೋಗಿಲ್ಲ. ತನ್ನದಲ್ಲದ ಆಚಾರದ ಎಷ್ಟು ಭಾಗ ತನ್ನಿಂದ ಆಗುತ್ತದೋ ಅಷ್ಟನ್ನು ಮಾಡಿದ್ದಾನೆ. ಮಂತ್ರ ಅವನಿಂದ ಆಗದು, ಬೆಂಕಿ ಆಗುತ್ತದೆ. ಶೇಷಪ್ಪ ಮುಟ್ಟಲು ಒಪ್ಪದಿದ್ದದ್ದು ನಂಬಿಕೆಯಿಂದ. ಬ್ಯಾರಿ ಮುಟ್ಟಿದ್ದು ನಂಬಿಕೆ ಇಲ್ಲದ್ದರಿಂದ ಅಂತ ಪುಟ ಹೇಳುವುದಿಲ್ಲ. ಅವನ ಮನಸ್ಸಿನ ಒಳಗೆ ನಿರೂಪಕ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ. ಇದಕ್ಕೆ ಬೇಕಾದರೆ ಲೇಖಕರ ಮೇಲೆ ದೂರು ಹೇಳಬಹುದು. ಚಾಚಾ ಹೇಳಿದರು ಕೂಡ: ಆಚಾರ್ಯರ ತಳಮಳಕ್ಕೆ ಅಷ್ಟು ಪುಟ, ಹೆಣ ಹೊತ್ತವನಿಗೆ ಇಷ್ಟೇನಾ?

ಅಕ್ಕೋರ ದೂರು ಚಂದ್ರಿಯ ಬಗ್ಗೆ. ನಮ್ಮ ಕಡೆ ಲಿಂಗಾಯತರಲ್ಲಿ ಹೆಣವನ್ನು ಕೂಡಿಸಿ, ವಿಭೂತಿ ಹಚ್ಚಿ, ಭಜನೆಯಲ್ಲಿ ಒಯ್ದು ಮಣ್ಣು ಮಾಡುತ್ತಾರೆ. ಬಸವಣ್ಣನವರ ದಾರಿಯಲ್ಲಿ ಪಂಚಸೂತಕಗಳು ಇಲ್ಲ, ಸಾವಿನ ಸೂತಕವೂ ಇಲ್ಲ. ಅಕ್ಕೋರು ಮೊದಲು ‘ಇದು ನಮ್ಮ ಸಮಸ್ಯೆಯೇ ಅಲ್ಲ’ ಅನ್ನುವ ಧಾಟಿಯಲ್ಲೇ ಓದಿದ್ದರು. (ಕಲಬುರಗಿಯ ಬಿಸಿಲಿಗೆ ಹೆಣ ಇಷ್ಟು ಹೊತ್ತು ಇಟ್ಟುಕೊಂಡು ಯಾರು ಗ್ರಂಥ ನೋಡ್ತಾರ್ರೀ ಅಂತ ನಕ್ಕಿದ್ದೂ ಅವರೇ.) ಆದರೆ ಚಂದ್ರಿಯನ್ನು ಎರಡನೇ ಸಲ ಓದಿದಾಗ ಅವರ ಮಾತು ಬದಲಾಯಿತು. ಚಂದ್ರಿ ಆಚಾರವನ್ನು ಧಿಕ್ಕರಿಸಿದವಳು ಅಂತ ಎಲ್ಲರೂ ಸಲೀಸಾಗಿ ಹೇಳುತ್ತಾರಲ್ಲ, ಅದು ತಪ್ಪು ಅಂದರು. ಇಡೀ ಕಾದಂಬರಿಯಲ್ಲಿ ನಾರಣಪ್ಪನಿಗೆ ಸರಿಯಾದ ಕ್ರಿಯೆ ಆಗಲಿ ಅಂತ ಸ್ವಾರ್ಥವಿಲ್ಲದೆ ಬಯಸಿದವಳು ಅವಳೊಬ್ಬಳೇ. ಬಂಗಾರ ಬಿಚ್ಚಿ ಕೊಟ್ಟದ್ದು ಅದಕ್ಕೇ. ಹೆಣ ಸುಡಿಸಿದ್ದು ಬೇರೆ ದಾರಿ ಉಳಿಯದಾಗ, ಅಳುತ್ತಾ. ಹಾಗಾಗಿ ‘ನಂಬಿಕೆ’ಯ ಕಡೆ ಯಾರು ಅಂತ ಕೇಳಿದರೆ ಆಚಾರ್ಯರಿಗಿಂತ ಮೊದಲು ಚಂದ್ರಿಯ ಹೆಸರು ಹೇಳಬೇಕಾಗುತ್ತದೆ. ಅಂಥವಳನ್ನು ಕಾದಂಬರಿ ಅರ್ಧ ದಾರಿಯಲ್ಲೇ ಬಸ್ ಹತ್ತಿಸಿ ಕಳಿಸಿಬಿಡುತ್ತದೆ. ಮುಂದೆ ಅವಳು ಬರುವುದು ಆಚಾರ್ಯರ ನೆನಪಿನಲ್ಲಿ ಮಾತ್ರ. ಅಕ್ಕೋರ ಈ ಆಕ್ಷೇಪಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಮೇಷ್ಟ್ರ ಇನ್ನೊಂದು ದೂರನ್ನೂ ತಳ್ಳಿಹಾಕಲು ಆಗದು. ಅಗ್ರಹಾರದಲ್ಲಿ ಸುಮ್ಮನೆ ತನ್ನ ಪಾಡಿಗೆ ಸಂಧ್ಯಾವಂದನೆ ಮಾಡಿ, ಆಸೆಬುರುಕನೂ ಆಗದೆ, ಸಂತನೂ ಆಗದೆ ಇರುವ ಒಬ್ಬ ಸಾದಾ ಮನುಷ್ಯ ಇಲ್ಲ. ಬ್ರಾಹ್ಮಣ ಹೆಂಗಸರೆಲ್ಲ ಬತ್ತಿದವರು, ಹೊರಗಿನ ಹೆಂಗಸರೆಲ್ಲ ಮೈತುಂಬಿದವರು. ತಕ್ಕಡಿಯನ್ನು ಮೊದಲೇ ಒಂದು ಕಡೆಗೆ ವಾಲಿಸಿ ಇಟ್ಟಂತೆ ಇದೆ. ಲೇಖಕರ ಒಲವು ಎಲ್ಲಿದೆ ಅಂತ ಹುಡುಕುವವರು ಅವರ ಭಾಷಣ ಓದುವ ಬದಲು ಇಂಥ ಜೋಡಣೆಯನ್ನು ನೋಡಬೇಕು. ಅದು ಪುಟದ ಮೇಲೇ ಇದೆ.

ಮಾರುತಿ ಗುಡಿಯ ಭಾಗಕ್ಕೆ ಒಂದು ಭಾನುವಾರ ಪೂರ್ತಿ ಹೋಯಿತು. ಆಚಾರ್ಯರು ದೇವರಿಗೆ ನೀರು ಹಾಕಿ, ಗಂಧ ಹಚ್ಚಿ, ಹೂ ಏರಿಸುತ್ತಾರೆ. ಬಲಗಡೆಯ ಹೂ ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ ಅಂತ ಕೇಳಿಕೊಳ್ಳುತ್ತಾರೆ. ಹೊತ್ತು ಮುಳುಗುತ್ತದೆ, ಯಾವ ಹೂವೂ ಬೀಳುವುದಿಲ್ಲ. ಹೂವಿನ ಪ್ರಸಾದ ಕೇಳುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಮದುವೆ ಸಂಬಂಧ, ಹೊಲದ ವ್ಯವಹಾರ, ಕಾಯಿಲೆ, ಎಲ್ಲಕ್ಕೂ ಕೇಳುತ್ತಾರೆ. ಅದಕ್ಕೇ ಇಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇತ್ತು.

ಹುಡುಗ ಹೇಳಿದ: ದೇವರಿಲ್ಲ ಅಂತ ಕಾದಂಬರಿ ತೋರಿಸಿತು. ನಾವು ಪುಟಕ್ಕೆ ಹೋದೆವು. ನಿರೂಪಕ ಹೇಳುವುದು ಹೂ ಬೀಳಲಿಲ್ಲ ಅಂತ ಮಾತ್ರ. ತಾನು ಕೈಬಿಟ್ಟುಹೋದವನು ಅನ್ನುವ ಭಾವ ಆಚಾರ್ಯರದ್ದು. ದೇವರಿಲ್ಲ ಅನ್ನುವುದು ಹುಡುಗನದ್ದು. ಅಕ್ಕೋರು ಬೇರೆ ಥರ ನೋಡಿದರು. ಪ್ರಸಾದ ಕೇಳುವವರು ಹೂ ಬೀಳದಿದ್ದರೆ ‘ಇವತ್ತು ಆಗಲ್ಲ’ ಅಂತ ಎದ್ದು ಬರುತ್ತಾರೆ, ಇನ್ನೊಂದು ದಿನ ಹೋಗುತ್ತಾರೆ. ಅವರ ನಂಬಿಕೆ ಮುರಿಯುವುದಿಲ್ಲ. ಹೂ ಬೀಳದ್ದಕ್ಕೇ ಮುರಿದುಹೋಗುವ ನಂಬಿಕೆ ಪಂಡಿತರ ನಂಬಿಕೆ, ಸಾದಾ ಜನರದ್ದಲ್ಲ. ಮೇಷ್ಟ್ರು ಇದಕ್ಕೆ ತಲೆಯಾಡಿಸಿ, “ಉತ್ತರ ಮೊದಲೇ ಗೊತ್ತಿದ್ದವ ದೇವರನ್ಯಾಕ ಕೇಳಬೇಕು? ಅದು ಪ್ರಶ್ನಾ ಅಲ್ಲ, ಹೊಣೆ ತಪ್ಪಿಸಿಕೊಳ್ಳೂದು,” ಅಂದರು. ಪುಟ ಈ ಮೂರು ಓದಿನಲ್ಲಿ ಹುಡುಗನದ್ದನ್ನು ಮಾತ್ರ ಹೊರಗೆ ಇಡುತ್ತದೆ. ಉಳಿದ ಎರಡಕ್ಕೂ ಅಡ್ಡಿ ಮಾಡುವುದಿಲ್ಲ.

ಇಷ್ಟಾದ ಮೇಲೆ ಮೂಲ ಪ್ರಶ್ನೆಗೆ ನಮಗೆ ಸಿಕ್ಕ ಉತ್ತರ ಚಿಕ್ಕದು. ದಹನ ಆಗಿದೆ, ಕ್ರಿಯೆ ಆಗಿಲ್ಲ. ಮಾಡಬೇಕಾದವರಿಗೆ ದಹನ ಆದದ್ದೇ ಗೊತ್ತಿಲ್ಲ. ಆಚಾರ್ಯರು ಅಗ್ರಹಾರಕ್ಕೆ ಹೊರಟಿದ್ದಾರೆ, ತಲುಪುವ ಮೊದಲೇ ಕಾದಂಬರಿ ನಿಲ್ಲುತ್ತದೆ. ತಲುಪಿ ಅವರು ಎಲ್ಲ ಹೇಳಿದರೋ, ಮುತ್ತುಗದ ತೊಟ್ಟು ತರಿಸಿದರೋ, ಅದು ಪುಟದಲ್ಲಿ ಇಲ್ಲ. ಅಲ್ಲಿಂದ ಮುಂದೆ ಹೇಳುವುದೆಲ್ಲ ಓದುಗ ತನ್ನ ಮನೆಯಿಂದ ತಂದ ಬುತ್ತಿ.

ಒಂದು ಕಡೆ ಮಾತ್ರ ಒಮ್ಮತ ಆಗಲಿಲ್ಲ. ಹೆಂಡತಿ ಭಾಗೀರಥಿ ಸತ್ತು ಸೂತಕದಲ್ಲಿರುವ ಆಚಾರ್ಯರು ಮೇಳಿಗೆಯ ತೇರಿನಲ್ಲಿ ದೇವಸ್ಥಾನದ ಬ್ರಾಹ್ಮಣ ಪಂಕ್ತಿಗೆ ಕೂಡುತ್ತಾರೆ. ಗುರುತು ಹಿಡಿದವನೊಬ್ಬ ಸಿಕ್ಕಾಗ ಎಲೆ ಬಿಟ್ಟು ಓಡುತ್ತಾರೆ. ಸೂತಕದಲ್ಲಿ ನಂಬಿಕೆ ಹೋಗಿದ್ದರೆ ಓಡುವುದೇಕೆ? ಸಿಕ್ಕಿಬೀಳುವ ನಾಚಿಕೆಗೆ ಅಂತ ಹುಡುಗರು. ಕೂತವರೆಲ್ಲರ ಊಟ ತನ್ನಿಂದ ಮೈಲಿಗೆ ಆಯಿತು ಅನ್ನುವ ಪಾಪಪ್ರಜ್ಞೆ, ಅದು ನಂಬಿಕೆಯೇ ಅಂತ ಮೇಷ್ಟ್ರು. ಅಕ್ಕೋರು ಬೇರೆ ಮಾತು ಹೇಳಿದರು. ತಮ್ಮ ಮನೆತನದಲ್ಲಿ ಸೂತಕ ಇಲ್ಲ ಅಂತ ಎಲ್ಲರೂ ಹೇಳುತ್ತಾರಂತೆ. ಆದರೂ ಸಾವಾದ ಮನೆಯಿಂದ ಬಂದವರು ಸ್ನಾನ ಮಾಡದೆ ಒಳಗೆ ಬಂದರೆ ಅವರ ಅತ್ತೆ ಸುಮ್ಮನಿರುತ್ತಿರಲಿಲ್ಲವಂತೆ. “ನಂಬತೀವಿ ಅಂತೇನಿಲ್ರೀ. ಆದ್ರ ಮೈ ಕೇಳೂದಿಲ್ಲ,” ಅಂದರು. ಮೇಷ್ಟ್ರು ಇದನ್ನು ಒಪ್ಪಲಿಲ್ಲ. ಮೈ ಕೇಳದಿರುವುದಕ್ಕೂ ನಂಬಿಕೆಗೂ ಬೇರೆ ಬೇರೆ ಹೆಸರು ಯಾಕೆ ಬೇಕು ಅಂತ ಕೇಳಿದರು. ಮುಂದಿನ ಭಾನುವಾರ ಮೇಳಿಗೆಯ ಭಾಗ ಇಡೀ ಗಟ್ಟಿಯಾಗಿ ಓದುವುದು, ಓದುವವರು ಚಾಚಾ ಅಂತ ಮಾತಾಯಿತು.